ಹಾಸು ಕೆಂಪು, ಹೊಕ್ಕು ಹಸಿರು

ಹನುಮವ್ವ ಸೀರೆಯ ಫೋಟೊ ತೆಗೆದದ್ದು ಬಚ್ಚಲಲ್ಲಿ, ಅದೂ ಚಿಲಕ ಹಾಕಿಕೊಂಡು. ಐವತ್ತರ ಹೆಂಗಸು ತನ್ನದೇ ಸೀರೆಯ ಫೋಟೊವನ್ನು ಕಳ್ಳಿಯ ಹಾಗೆ ತೆಗೆಯಬೇಕೇ ಎಂದು ನೀವು ಕೇಳಬಹುದು. ದಹಿಸರಿನ ಚಾಳಿನ ಆ ಹತ್ತಡಿ ಖೋಲಿಯೊಳಗೆ ಭಾವ ಬಸವಂತರಾಯ ಕಾಟಿನ ಮೇಲೆ ಗೋಡೆಗೊರಗಿ ಕೂತಿದ್ದನ್ನು ನೋಡಿದ್ದರೆ ನೀವು ಕೇಳುತ್ತಿರಲಿಲ್ಲ.

ಮಗಳು ಸೋನಾಲಿಯ ಮದುವೆಗೆ ಮೂರೇ ದಿನ ಉಳಿದಿತ್ತು. ಹನುಮವ್ವನ ಗಂಡ ತೀರಿಕೊಂಡು ನಾಲ್ಕು ವರ್ಷ. ತಂದೆಯ ಜಾಗದಲ್ಲಿ ನಿಂತು ಧಾರೆ ಎರೆದುಕೊಡಲು ಊರಿನಿಂದ ಬಂದ ಗಂಡನ ಅಣ್ಣ, ಈ ಭಾವ, ಚಹಾದ ಕಪ್ಪು ಕೈಗೆ ಬರುವ ಮೊದಲೇ ಕರಾರು ಹಾಕಿದ್ದ. ಹನುಮವ್ವ ಬೂದಿ ಬಣ್ಣದ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂರಬೇಕು, ವಧೂವರರ ತಲೆಗೆ ಅಕ್ಕಿಕಾಳು ಹಾಕುವ ಹೊತ್ತಿಗೆ ಎದುರಿಗೆ ಬರಬಾರದು. ಇಲ್ಲದಿದ್ದರೆ ತಾನು ನಿಲ್ಲುವುದಿಲ್ಲ. ನಾಲ್ಕು ವರ್ಷ ಮೂರು ಮನೆಯ ಪಾತ್ರೆ ತಿಕ್ಕಿ ಮಗಳನ್ನು ಓದಿಸಿದವಳು ಯಾರು, ಆಗ ಈ ಮಹಾರಾಯ ಎಲ್ಲಿದ್ದ ಎಂದು ಯಾರೂ ಕೇಳಲಿಲ್ಲ. ಹನುಮವ್ವನೂ ತಲೆ ಆಡಿಸಿದಳು. ಆದರೆ ಟ್ರಂಕಿನ ತಳದಲ್ಲಿದ್ದ ಇಳಕಲ್ ಸೀರೆಯ ಮೇಲೆ ಅವಳ ಮನಸ್ಸು ಕೂತಿತ್ತು. ಅವಳಪ್ಪ ನೇಯ್ದ ಸೀರೆ ಅದು. ಹಳೆಯ ರವಿಕೆ ಈಗ ತೋಳಿಗೂ ಏರುತ್ತಿರಲಿಲ್ಲ. ಹೊಸದು ಹೊಲಿಸಬೇಕೆಂದರೆ ಸೀರೆಯನ್ನು ಅಂಗಡಿಗೆ ಒಯ್ಯಬೇಕು, ಸೀರೆ ಹೊರಗೆ ಬಂದರೆ ಮನೆಯೆಲ್ಲ ರಂಪ. ಅದಕ್ಕೇ ಬಚ್ಚಲಿನ ಹಳದಿ ಬಲ್ಬಿನಡಿ ಫೋಟೊ. ಚಾಳಿನ ಟೇಲರ್ ಶೀತಲ್ ಅಸ್ತರಿನ ಬಟ್ಟೆ ತರಲು ಬೊರಿವಲಿಗೆ ಹೋಗಿದ್ದಳು. ಅಲ್ಲಿ ಮ್ಯಾಚಿಂಗ್ ಸೆಂಟರ್ ಇಟ್ಟ ಉಡುಪಿ ಕಡೆಯ ಕಾಂತಪ್ಪನಿಗೆ ಫೋಟೊ ಹೋಯಿತು. ಅವನು ರವಿಕೆ ಬಟ್ಟೆ ಕತ್ತರಿಸಿ ಶೀತಲ್ ಕೈಗೆ ಕೊಟ್ಟರೆ ಸಾಕು, ಯಾರಿಗೂ ಸುಳಿವು ಸಿಗುವುದಿಲ್ಲ.

ಆದರೆ ಸೀರೆ ಮತ್ತೆ ಟ್ರಂಕು ಸೇರಿದ ಹತ್ತೇ ನಿಮಿಷಕ್ಕೆ ಫೋನು ಬಡಿದುಕೊಂಡಿತು. ಆ ದರಿದ್ರ ಫೋನು ಸ್ಪೀಕರ್ ಹಾಕಿದರೆ ಮಾತ್ರ ಮಾತಾಡುತ್ತಿತ್ತು.

"ಅಮ್ಮಾ, ಕಾಂತಪ್ಪ ಮಾತಾಡುದು. ಸೀರೆ ಫೋಟೊ ಸರಿ ಬರ್ಲಿಲ್ಲ ಮಾರಾಯ್ರೆ. ಮಣ್ಣಿನ ಹಾಗೆ ಕಾಣ್ತದೆ, ಬೂದಿ ಕಂದು. ಇದೇ ಬಣ್ಣ ಹೌದಾದ್ರೆ ಕಂದು ಪೀಸು ಉಂಟು, ಕತ್ತರಿಸ್ತೇನೆ. ಶೀತಲ್ ಇಲ್ಲೇ ನಿಂತಿದ್ದಾಳೆ."

ಖೋಲಿಯಲ್ಲಿದ್ದವರೆಲ್ಲ ಫೋನಿನ ಕಡೆ ತಿರುಗಿದರು. ಬಸವಂತರಾಯ ಮೀಸೆ ಸವರಿಕೊಂಡ.

"ಬೂದಿ ಬಣ್ಣ ಅಂದ್ರ ಛಲೋನ ಐತಿ" ಎಂದ. "ಹೂಂ ಅನ್ನು ತಂಗಿ. ಕತ್ತರಸ್ಲಿ."

ಅವನ ಹೆಂಡತಿ ಗಂಗುಬಾಯಿಯೂ ನೆಮ್ಮದಿಯಿಂದ ಉಸಿರು ಬಿಟ್ಟಳು. ಹನುಮವ್ವನ ಬಾಯಿಗೂ 'ಹೂಂ' ಬಂದಿತ್ತು. ಅಷ್ಟಂದರೆ ಎಲ್ಲರೂ ಸಮಾಧಾನ. ಆದರೆ ಮಣ್ಣು? ಅಪ್ಪ ಮಗ್ಗದ ಗುಂಡಿಯಲ್ಲಿ ಕೂತು ಬೆನ್ನು ಮುರಿದುಕೊಂಡು ನೇಯ್ದದ್ದಕ್ಕೆ ಮಣ್ಣು ಅನ್ನುವುದೇ? ತಾನೇ ಕೂತು ಲಾಳಿಯ ಕಂಡಿಕೆಗೆ ಸುತ್ತಿದ ನೂಲಿಗೆ?

"ಬೂದಿ ಅಲ್ರೀ ಕಾಂತಣ್ಣ" ಎಂದಳು. "ಮಣ್ಣೂ ಅಲ್ಲ. ಕತ್ತರಿ ಹಾಕಬ್ಯಾಡ್ರಿ."

ಎದ್ದು ಟ್ರಂಕು ತೆಗೆದು, ಎಲ್ಲರೆದುರೇ ಸೀರೆ ಹೊರಗೆಳೆದು, ಬಾಗಿಲ ಬೆಳಕಿಗೆ ಮಡಿಲ ಮೇಲೆ ಹರವಿಕೊಂಡು ಕೂತಳು. ಅಡಗಿಸಿಡಲು ಇನ್ನೇನು ಉಳಿದಿತ್ತು!

"ಹಾಗಾದ್ರೆ ಹೇಳಿ. ಒಂದೇ ಬಣ್ಣವಾ, ಎರಡು ನೂಲಿನದ್ದಾ?"

"ಎರಡು. ಹಾಸು ಕೆಂಪು, ಹೊಕ್ಕು ಹಸಿರು. ಒಳತುದಿಗೆ ಎಳಿ ಜೋತು ಬಿದ್ದಾವ, ಅವು ಹಾಸಿನವು, ಎಲ್ಲಾ ಕೆಂಪು. ಅಡ್ಡ ಹೊಕ್ಕಿನ ಒಂದು ಎಳಿ ಜಗ್ಗೀನಿ, ಅದು ಹಸಿರು. ಸಪಾಟ್ ಹಾಸಿಟ್ರ ಕಂದು ಕಾಣತೈತಿ, ನಿರಿಗಿ ಹಿಡದು ಹೊಳ್ಳಿಸಿದ್ರ ಒಂದ ಕಡೆ ಕೆಂಪು ಮಿಂಚತೈತಿ, ಒಂದ ಕಡೆ ಹಸಿರು. ನಿಮ್ಮ ಫೋಟೊಕ್ಕ ಇದು ಸಿಗಾಂಗಿಲ್ಲ."

"ಓ, ನೆರಳು-ಬಿಸಿಲು ಬಣ್ಣ!" ಕಾಂತಪ್ಪನ ಧ್ವನಿ ಏರಿತು. "ನಾನು ಕಂದು ಕತ್ತರಿಸಿದ್ರೆ ಸೀರೆ ಸತ್ತೇ ಹೋಗ್ತಿತ್ತು. ದಡಿ?"

"ಕೆಂಪು ದಡಿ, ನಮ್ಮ ಕಡೆ ಗೋಮಿ ಅಂತಾರ, ನಾಕ ಬೆರಳು ಅಗಲ. ಜರಿ ಇಲ್ಲ. ಸೆರಗು ಅಚ್ಚ ಕೆಂಪು, ಅದರಾಗ ಬಿಳಿ ಗೋಪುರದ ಸಾಲು. ಕುಂಕುಮ ಕೆಂಪಲ್ಲ, ದಾಳಿಂಬಿ ಕಾಳಿನ ಕೆಂಪು."

ಒಂದೊಂದು ಮಾತಿಗೂ ಅವಳ ಧ್ವನಿ ಒಂದೊಂದು ಮೆಟ್ಟಿಲು ಏರುತ್ತಿತ್ತು. ನಾಲ್ಕು ವರ್ಷದಿಂದ ಈ ಬಣ್ಣಗಳ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುತ್ತ ಹೋದಂತೆ ಎಂಥ ಖುಷಿ ಅಂತೀರಿ!

"ಸೆರಗೂ ದಡಿಯೂ ಕೆಂಪಾದ್ರೆ ರವಿಕೆ ಕೆಂಪು ಬೇಡ ಅಮ್ಮ. ಎದೆ ಮೇಲೆ ಕೆಂಪು ಸೆರಗು ಬಿದ್ರೆ ರವಿಕೆ ಅದ್ರಲ್ಲೇ ಮುಳುಗ್ತದೆ. ಹೊಕ್ಕಿನ ಹಸಿರು ಹಿಡಿಯಿರಿ. ಆಗ ಸೀರೆ ಮೈಯೊಳಗಿನ ಹಸಿರು ಎದ್ದು ಬರ್ತದೆ."

"ಹಸಿರಾ?" ಗಂಗುಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ನನ ಶಿವನ! ಗಂಡ ಇಲ್ದಾಕಿಗೆ ಹಸಿರು ಕುಬಸಾ?"

"ಬೂದಿ ಅನ್ನು, ಮುಗಸು!" ಬಸವಂತರಾಯ ಕಾಟಿನಿಂದ ಕಾಲು ಕೆಳಗೆ ಬಿಟ್ಟ.

ಫೋನಿನ ಆ ಕಡೆ ಕಾಂತಪ್ಪ ಕೆಮ್ಮಿದ. "ಅಮ್ಮ, ಹಸಿರಲ್ಲಿ ನನ್ನ ಹತ್ರ ಹನ್ನೊಂದು ಉಂಟು. ಗಿಳಿ, ಎಲೆ, ಮೆಹಂದಿ, ಬಾಟಲಿ... ಯಾವ್ದು? ಮದುವೆ ಮನೆಯಲ್ಲಿ ಮದುಮಗಳ ಹಸಿರು ಬಳೆ ಇರ್ತದಲ್ಲ? ಇಲ್ಲಿ ನನ್ನ ಪಕ್ಕದ ಬಳೆ ಅಂಗಡಿಯಲ್ಲೂ ಅದೇ ಉಂಟು. ಒಂದನ್ನು ಹೊಕ್ಕಿನ ಎಳೆಯ ಪಕ್ಕ ಬಿಸಿಲಿಗೆ ಹಿಡಿದು ಹೇಳಿ. ನಾನು ಇಲ್ಲಿ ಅಂಥದೇ ಬಳೆ ತಂದು ಬಟ್ಟೆಗೆ ತಾಳೆ ನೋಡ್ತೇನೆ."

ಬಳೆಯ ತಟ್ಟೆ ಪಕ್ಕದಲ್ಲೇ ಕೂತಿದ್ದ ಸೋನಾಲಿಯ ಮುಂದಿತ್ತು. ಹನುಮವ್ವ ಕೈ ಚಾಚಿದಳು.

"ಮುಟ್ಟಬ್ಯಾಡವಾ! ಹುಡುಗಿಗೆ ಕೆಡಕಾದೀತು!" ಗಂಗುಬಾಯಿ ತಟ್ಟೆ ಸರಿಸಿದಳು.

ಹನುಮವ್ವನ ಕೈ ನಡುವೆಯೇ ನಿಂತಿತು. ಬೇರೆ ಯಾವ ಮಾತಾದರೂ ಅವಳು ನುಂಗುತ್ತಿದ್ದಳು, ಇದನ್ನಲ್ಲ. ಅವಳು ಮಗಳ ಮುಖ ನೋಡಿದಳು.

ಸೋನಾಲಿ ತಟ್ಟೆಯನ್ನು ಎಳೆದುಕೊಂಡು ಒಂದು ಬಳೆ ಎತ್ತಿದಳು. "ಅವ್ವನ ಕೈಯಿಂದ ನಂಗ ಕೆಟ್ಟದು? ಕುಛ್ ಭೀ, ಏನೇನರ ಅಂತಿ ದೊಡ್ಡವ್ವ. ತಗೋ ಅವ್ವಾ."

ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸೀರೆ. ಬಳೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಹನುಮವ್ವ ಫೋನು ನೆಲಕ್ಕಿಟ್ಟು, ಬಳೆಯನ್ನು ಎಡಗೈಗೆ ಏರಿಸಿ, ಹೊಕ್ಕಿನ ಎಳೆಯನ್ನು ಅದರ ಮೇಲೆ ಅಡ್ಡಲಾಗಿ ಎಳೆದು ಬಿಸಿಲಿಗೆ ಹಿಡಿದಳು. ಎಳೆ ಗಾಜಿನ ಮೇಲೆ ಕಾಣಿಸಲೇ ಇಲ್ಲ, ಅಷ್ಟು ಸರಿಯಾಗಿ ಕೂಡಿತ್ತು.

"ಇದಽ ಹಸಿರು, ಕಾಂತಣ್ಣ. ಕೂದಲೆಳಿ ಫರಕಿಲ್ಲ. ಆದರ ಬಳಿಗೆ ಹೊಳಪೈತಿ, ಸೀರಿ ಮೈ ನೂಲಿಂದು. ಮಿಂಚೂ ಬಟ್ಟಿ ಬ್ಯಾಡ."

"ಹೊಳಪಿಲ್ಲದ ಟು-ಬೈ-ಟು ಹತ್ತಿಯಲ್ಲಿ ಕೊಡ್ತೇನೆ. ಒಂದು ಮೀಟರ್. ಕತ್ತರಿಸ್ಲಾ?"

"ಕತ್ತರಿಸಿದ್ರ ಮುಗೀತು!" ಬಸವಂತರಾಯ ಎದ್ದು ನಿಂತಿದ್ದ. "ನಾ ಧಾರಿಗೆ ನಿಲ್ಲಾಂವಲ್ಲ. ತಂದಿ ಇಲ್ದ ಹುಡುಗಿನ್ನ ಯಾರು ಧಾರಿ ಎರದು ಕೊಡ್ತಾರೋ ನೋಡೂಣು!"

ಹನುಮವ್ವ ಅವನನ್ನು ನೆಟ್ಟಗೆ ನೋಡಿದಳು. ಅವಳಿಗೆ ಹೆದರಿಕೆಯಾಗಿತ್ತು, ಸುಳ್ಳೇಕೆ. ಆದರೂ ಬಳೆಯ ಕೈಯಿಂದಲೇ ಫೋನೆತ್ತಿ ಬಾಯಿಯ ಹತ್ತಿರ ಹಿಡಿದಳು.

"ಕತ್ತರಸ್ರಿ ಕಾಂತಣ್ಣ. ಆಮೇಲೆ ಶೀತಲ್‌ಗ ಒಂದ ಮಾತು ಹೇಳ್ರಿ. ತೋಳು ಸಡಿಲ ಇಡಂತ. ಧಾರಿ ನಾನ ಎರಿಯಾಕಿ, ಕೈ ಎತ್ತಿದ್ರ ಬಗಲಾಗ ಬಿಗಿ ಆಗಬಾರದು."