ನಾವು ಅಂದರೆ ಯಾರು?

ಐದನೆಯ ಕಂಪನಿಯಿಂದಲೂ ಅದೇ ಇಮೇಲ್ ಬಂದಾಗ ಆಕೆ ಒಣಗಿದ ಬಟ್ಟೆ ಮಡಚುತ್ತಿದ್ದಳು. "ನಿಮ್ಮ ಆಸಕ್ತಿಗೆ ಧನ್ಯವಾದ. ಸದ್ಯಕ್ಕೆ ಬೇರೆ ಅಭ್ಯರ್ಥಿಗಳೊಂದಿಗೆ ಮುಂದುವರಿಯುತ್ತಿದ್ದೇವೆ." ಕನಿಷ್ಠ ಒಂದು ಫೋನ್ ಕರೆ ಮಾಡಿ, ಮಾತಾಡಿಸಿ ಬೇಡ ಎಂದಿದ್ದರೂ ಸಮಾಧಾನ ಇರುತ್ತಿತ್ತು. ಕೈಯಲ್ಲಿದ್ದ ಅಂಗಿಯನ್ನು ಮುದ್ದೆ ಮಾಡಿ ರಾಶಿಯ ಮೇಲೆ ಎಸೆದಳು.

ಹನ್ನೊಂದು ವರ್ಷದಿಂದ ಆಕೆ ಒಂದು ದೊಡ್ಡ ಸರ್ವಿಸ್ ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಬೇರೆಯವರ ಸಾಫ್ಟ್‌ವೇರನ್ನು ಬೇರೆಯವರು ಹೇಳಿದಂತೆ ಕಟ್ಟಿಕೊಡುವುದು ಅಲ್ಲಿನ ಕೆಲಸ. ಕೊನೆಯ ಆರು ವರ್ಷ ಒಂದೇ ಕ್ಲೈಂಟ್, ಆಸ್ಪತ್ರೆಗಳ ಒಂದು ದೊಡ್ಡ ಗುಂಪು. ವೈದ್ಯರ ಭೇಟಿಗೆ ಜನ ಸಮಯ ಕಾಯ್ದಿರಿಸುವ ವ್ಯವಸ್ಥೆಯನ್ನು ಆಕೆಯ ತಂಡ ನೋಡಿಕೊಳ್ಳುತ್ತಿತ್ತು. ಈಗ ಆಕೆಗೆ ತನ್ನದೇ ಸರಕು ಮಾಡಿ ಮಾರುವ ಪ್ರಾಡಕ್ಟ್ ಕಂಪನಿಗೆ ಹೋಗಬೇಕಿತ್ತು. ಬಡ್ತಿ ಕೇಳಿದಾಗಲೆಲ್ಲ "ಈ ವರ್ಷ ಬಜೆಟ್ ಇಲ್ಲ" ಎನ್ನುವುದನ್ನು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು.

ಮೊದಲು ಆಕೆಯ ಕೈಕೆಳಗೆ ಕೆಲಸ ಮಾಡಿ, ಎರಡು ವರ್ಷದ ಹಿಂದೆ ಪ್ರಾಡಕ್ಟ್ ಕಂಪನಿಗೆ ಜಿಗಿದಿದ್ದ ಹುಡುಗನೊಬ್ಬನಿದ್ದ. ಹೇಳಿದ ಹೊತ್ತಿಗೆ ಒಂದು ನಿಮಿಷ ಅತ್ತಿತ್ತ ಆಗದ ಅವನಿಗೆ ಆಫೀಸಿನಲ್ಲಿ ಗಡಿಯಾರ ಎಂದೇ ಹೆಸರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮನೆಗೆ ಬಂದು ಆಕೆಯ ರೆಸ್ಯೂಮೆ ಓದತೊಡಗಿದ. ನಾಲ್ಕು ಪುಟ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಹಣೆ ಉಜ್ಜಿಕೊಂಡ.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಇದ್ರಲ್ಲಿ ಕ್ಲೈಂಟ್ ಎಷ್ಟು ದೊಡ್ಡವರು ಅಂತಿದೆ, ಯಾವ್ಯಾವ ಟೂಲ್ ಗೊತ್ತು ಅಂತಿದೆ, ತಂಡದಲ್ಲಿ ಎಷ್ಟು ಜನ ಅಂತಿದೆ. ನೀವೇನ್ ಮಾಡಿದ್ರಿ ಅಂತ ಎಲ್ಲೂ ಇಲ್ಲ."

"ಇದೆಯಲ್ಲ. ನೋಡು, 'ಬುಕಿಂಗ್ ವ್ಯವಸ್ಥೆಯ ಅಭಿವೃದ್ಧಿ ಮತ್ತು ನಿರ್ವಹಣೆ ಮಾಡಿದೆವು.'"

"ಮಾಡಿದೆವು ಅಂದ್ರೆ ಯಾರು? ನಮ್ ಕಡೆ ಇದನ್ನ ಓದೋರು ಅರ್ಧ ನಿಮಿಷ ಕೊಡ್ತಾರೆ ಅಷ್ಟೆ. ಏನ್ ಸಮಸ್ಯೆ ಇತ್ತು, ನೀವು ಏನ್ ತೀರ್ಮಾನ ತಗೊಂಡ್ರಿ, ಅದರಿಂದ ಬಳಸೋರಿಗೆ ಏನ್ ಬದಲಾಯ್ತು. ಈ ಮೂರು ಕಾಣ್ಬೇಕು. ಒಂದೇ ಪುಟ ಸಾಕು."

"ತೀರ್ಮಾನ ತಗೊಳ್ಳೋದು ಕ್ಲೈಂಟ್ ಕಣೋ. ನಿಂಗೂ ಗೊತ್ತಲ್ಲ."

"ಗೊತ್ತು. ಹಾಗಂತ ಅಲ್ಲಿ ಹೇಳಿದ್ರೆ ಕಥೆ ಮುಗೀತು."

ಸೋಫಾದ ಇನ್ನೊಂದು ತುದಿಯಲ್ಲಿ ಪತ್ರಿಕೆ ಓದುತ್ತಿದ್ದ ಅತ್ತೆ ಕನ್ನಡಕ ತೆಗೆದರು. ಅವರು ಮೂವತ್ತು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದವರು. ಸಾಕ್ಷಿಗಳು ನುಡಿದದ್ದನ್ನು ಒಂದಕ್ಷರ ಬಿಡದೆ ಬರೆದು ನಿವೃತ್ತರಾದವರು. "ಅವನು ಹೇಳ್ತಿರೋದು ಸರಿಯಮ್ಮಾ," ಎಂದರು. "ಕಟಕಟೇಲಿ ನಿಂತು 'ನಾವೆಲ್ಲ ನೋಡಿದ್ವಿ' ಅಂದ್ರೆ ವಕೀಲರು ಬಿಡ್ತಿದ್ರಾ? ನೀನು ಎಲ್ಲಿದ್ದೆ, ನೀನು ಏನ್ ಮಾಡ್ದೆ, ಅಷ್ಟು ಹೇಳು."

ಆಕೆಗೆ ಇಬ್ಬರ ಮೇಲೂ ರೇಗಿತು. ಹನ್ನೊಂದು ವರ್ಷವೂ "ನಾನು" ಎಂದವರಿಗೆ ಆ ಆಫೀಸಿನಲ್ಲಿ ಅಹಂಕಾರಿ ಎಂಬ ಪಟ್ಟ ಸಿಗುತ್ತಿತ್ತು. ಕಲಿತ ವಿನಯವೇ ಈಗ ಕುತ್ತಿಗೆಗೆ ಸುತ್ತಿಕೊಂಡಿತ್ತು.

ಆದರೂ ಒಂದು ಪುಟದ ರೆಸ್ಯೂಮೆ ಬರೆದಳು. ಗಡಿಯಾರ ತನ್ನ ಪರಿಚಯದ ಕಂಪನಿಯೊಂದಕ್ಕೆ ಅದನ್ನು ಕಳಿಸಿಕೊಟ್ಟ. ಮೊದಲ ಕರೆ ಬಂತು. ಸಂದರ್ಶನದ ಕೋಡಿಂಗ್ ಸುತ್ತನ್ನು ಹೇಗೋ ದಾಟಿದಳು. ಅದಕ್ಕೆಂದು ಎರಡು ತಿಂಗಳು ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಒಂದೊಂದು ಲೆಕ್ಕ ಬಿಡಿಸಿದ್ದಳು. ಆ ಕಂಪನಿಯ ಮ್ಯಾನೇಜರ್ ವಿಡಿಯೊ ಕರೆಯಲ್ಲಿ ಮಾತಾಡಿಸುವ ಸುತ್ತಿನಲ್ಲಿ ಎಡವಿದಳು.

"ಈ ಬುಕಿಂಗ್ ಕೆಲಸ ಮಾಡಬೇಕು ಅಂತ ಯಾರು ಹೇಳಿದ್ರು?" ಪರದೆಯ ಮೇಲಿನ ಮನುಷ್ಯ ಕೇಳಿದ.

"ಕ್ಲೈಂಟ್ ಕಡೆಯಿಂದ ಬಂತು."

"ಸರಿ. ಬೇರೆ ಯಾವ ದಾರಿಗಳನ್ನ ಯೋಚನೆ ಮಾಡಿದ್ರಿ?"

"ಕ್ಲೈಂಟ್ ಕಳಿಸಿದ ಡಾಕ್ಯುಮೆಂಟಲ್ಲಿ ಅದೇ ಇತ್ತು."

"ಎಷ್ಟು ಜನಕ್ಕೆ ಉಪಯೋಗ ಆಯ್ತು?"

ಆ ಅಂಕಿ ಆಕೆಯ ಕೈಗೆ ಎಂದೂ ಬಂದಿರಲಿಲ್ಲ. ಕಟ್ಟಿದ ವಸ್ತುವನ್ನು ಕೊಟ್ಟ ಮೇಲೆ ಅದನ್ನು ಯಾರು ಬಳಸಿದರು, ಬೈದರೋ ಹೊಗಳಿದರೋ, ಆ ಸುದ್ದಿ ಕ್ಲೈಂಟ್‌ನ ಗೋಡೆಯ ಆಚೆಗೇ ಉಳಿಯುತ್ತಿತ್ತು. ಎರಡು ದಿನದಲ್ಲಿ ಉತ್ತರ ಬಂತು: ಕೆಲಸ ಗೊತ್ತಿದೆ, ಹೊಣೆ ಹೊತ್ತದ್ದು ಕಾಣಲಿಲ್ಲ.

"ಹೊಣೆ!" ಆಕೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. "ಆರು ವರ್ಷ ಅವರ ಆಸ್ಪತ್ರೆ ಬುಕಿಂಗ್ ಒಂದು ದಿನಾನೂ ನಿಲ್ಲದ ಹಾಗೆ ನೋಡ್ಕೊಂಡಿದೀನಿ. ಇನ್ನೆಂಥ ಹೊಣೆ ಬೇಕಂತೆ?"

ಕನ್ನಡಕದ ಅಂಗಡಿ ನಡೆಸುವ ಗಂಡ ತಟ್ಟೆ ಒರೆಸುತ್ತಾ, "ಬಿಟ್ಬಿಡು, ಇರೋದೇ ಚೆನ್ನಾಗಿದೆ" ಎಂದ. ಆಕೆ ತಿರುಗಿ ನೋಡಿದ ನೋಟಕ್ಕೆ ಇನ್ನೊಂದು ತಟ್ಟೆ ಕೈಗೆತ್ತಿಕೊಂಡ.

ಗಡಿಯಾರ ಫೋನಿನಲ್ಲಿ ಸುಲಭದ ದಾರಿ ತೋರಿಸಿದ. "ಒಂದು ಅಂಕಿ ಹಾಕ್ಬಿಡಿ ಅಕ್ಕಾ. ದೂರು ನಲವತ್ತು ಪರ್ಸೆಂಟ್ ಕಮ್ಮಿ ಆಯ್ತು ಅಂತ. ಯಾರ್ ಹೋಗಿ ನೋಡ್ತಾರೆ?"

ಸ್ಪೀಕರ್ ಹಾಕಿದ್ದರಿಂದ ಅತ್ತೆಗೂ ಕೇಳಿಸಿತು. "ಅದು ಸುಳ್ಳು ಸಾಕ್ಷಿ ಕಣಪ್ಪಾ. ಎರಡನೇ ಪ್ರಶ್ನೆಗೇ ಬಿದ್ದುಹೋಗುತ್ತೆ. ನೂರಾರು ಜನ ಬಿದ್ದಿದ್ದನ್ನ ಬರ್ಕೊಂಡಿದೀನಿ ನಾನು." ಆಮೇಲೆ ಸೊಸೆಯ ಕಡೆ ತಿರುಗಿದರು. "ಅಲ್ಲಮ್ಮಾ, ಆ ಆಸ್ಪತ್ರೇಲಿ ನಿಂಗೆ ಗೊತ್ತಿರೋರು ಒಬ್ಬರೂ ಇಲ್ವಾ? ಹೋಗಿ ಕೇಳ್ಬಾರದಾ?"

ಒಬ್ಬರಿದ್ದರು. ಬುಕಿಂಗ್ ಕೌಂಟರಿನ ಮೇಲ್ವಿಚಾರಕಿ. ತೊಂದರೆಯಾದಾಗಲೆಲ್ಲ ಅವರೇ ಫೋನ್ ಮಾಡುತ್ತಿದ್ದರು. ಆರು ವರ್ಷದಲ್ಲಿ ಮುಖ ನೋಡದಿದ್ದರೂ ದನಿಯ ಸಲಿಗೆ ಬೆಳೆದಿತ್ತು. ಮರುದಿನ ಬೇರೊಂದು ವಿಷಯಕ್ಕೆ ಅವರ ಕರೆ ಬಂದಾಗ ಆಕೆ ಕೇಳಿಯೇಬಿಟ್ಟಳು.

"ಮೇಡಂ, ಮೂರು ವರ್ಷದ ಹಿಂದೆ ಒಂದೇ ಸಮಯಕ್ಕೆ ಇಬ್ಬರಿಗೆ ಬುಕ್ ಆಗ್ತಿತ್ತಲ್ಲ, ಸರಿ ಮಾಡಿದ್ವಲ್ಲ. ಆಮೇಲೆ ನಿಮ್ ಕಡೆ ಏನಾದ್ರೂ ವ್ಯತ್ಯಾಸ ಆಯ್ತಾ? ಅಂಕಿಅಂಶ ಬೇಡ. ಸುಮ್ನೆ ಕೇಳ್ದೆ."

ಆ ಕಡೆಯಿಂದ ನಗು ಕೇಳಿತು. "ಏನಾದ್ರೂನಾ? ಅಯ್ಯೋ, ಸೋಮವಾರ ಬಂದ್ರೆ ನನ್ ಕಿಟಕಿ ಮುಂದೆ ಜಗಳ ಇಲ್ದೇ ಇರ್ತಿರ್ಲಿಲ್ಲ. ನೋವು ತಿನ್ಕೊಂಡು ಬಂದೋರು, ನಂದು ಮೊದಲು ನಂದು ಮೊದಲು ಅಂತ. ಒಬ್ಬ ಅಜ್ಜಿ ನನ್ ಮೇಲೆ ಫೈಲ್ ಎಸೆದಿದ್ರು. ಆಮೇಲೆ ಒಂದು ಸಲಾನೂ ಆಗ್ಲಿಲ್ಲ. ಅದು ನೀವಾ ಮಾಡಿದ್ದು?"

"ಹೌದು," ಎಂದಳು ಆಕೆ. ಹೇಳಿದ ಮೇಲೆ ತಾನೇ ಬೆಚ್ಚಿದಳು.

ಆದರೆ ಅದು ನಿಜವೇ ಆಗಿತ್ತು. ನಡೆದದ್ದು ಹೀಗೆ. ಒಂದೇ ಖಾಲಿ ಸಮಯವನ್ನು ಇಬ್ಬರು ಒಂದೇ ಕ್ಷಣ ನೋಡಿ ಒತ್ತಿದರೆ ಇಬ್ಬರಿಗೂ ಅದು ಸಿಗುತ್ತಿತ್ತು. ಒಬ್ಬರು ಒತ್ತುವಾಗ ಆ ವೈದ್ಯರ ಇಡೀ ದಿನದ ಪಟ್ಟಿಗೆ ಬೀಗ ಹಾಕಿ ಎಂದು ಕ್ಲೈಂಟ್ ಬರೆದು ಕಳಿಸಿದ್ದರು. ಹಾಗೆ ಮಾಡಿದರೆ ಉಳಿದವರೆಲ್ಲ ಕಾಯುತ್ತಾ ಕೂರಬೇಕಿತ್ತು. ಒಬ್ಬ ವೈದ್ಯರ ಒಂದು ಸಮಯಕ್ಕೆ ಎರಡನೆಯ ನಮೂದನ್ನು ಡೇಟಾಬೇಸೇ ನಿರಾಕರಿಸುವಂತೆ ನಿಯಮ ಹಾಕೋಣ, ಸಮಯ ತಪ್ಪಿದವರಿಗೆ ಹತ್ತಿರದ ಇನ್ನೊಂದನ್ನು ಅಲ್ಲೇ ತೋರಿಸೋಣ ಎಂದವಳು ಆಕೆ. "ನಮ್ಗ್ಯಾಕೆ, ಕೇಳಿದ್ದಷ್ಟು ಮಾಡು" ಎಂದಿದ್ದರು ಮ್ಯಾನೇಜರ್. ಆಕೆ ಕ್ಲೈಂಟ್ ಜೊತೆ ಎರಡು ವಾರ ವಾದ ಮಾಡಿ ಒಪ್ಪಿಸಿದ್ದಳು. ವರ್ಷದ ಕೊನೆಯ ವರದಿಯಲ್ಲಿ ಮಾತ್ರ ಅದು "ತಂಡದ ಸಾಧನೆ" ಎಂಬ ಅರ್ಧ ಸಾಲಾಗಿತ್ತು. ಆಕೆಯೇ ಬರೆದ ಅರ್ಧ ಸಾಲು.

ಮುಂದಿನ ಸಂದರ್ಶನ ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ. ಅದಕ್ಕೂ ಮುಂಚೆ ಎರಡು ವಾರ ಅತ್ತೆ ಊಟದ ಮೇಜಿನ ಎದುರು ಕುಳಿತು ಪಾಟೀಸವಾಲು ಮಾಡಿದರು. ಬೇಡದ ಕಡೆ "ನಾವು" ಬಂದಾಗಲೆಲ್ಲ ಪೆನ್ಸಿಲಿನಿಂದ ಮೇಜು ಕುಟ್ಟುತ್ತಿದ್ದರು. ಮೊದಲ ದಿನ ಇಪ್ಪತ್ತಾರು ಸಲ ಕುಟ್ಟಿದರು. ಹದಿನೇಳನೆಯದಕ್ಕೆ ಆಕೆ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತಿದ್ದಳು. ಅತ್ತೆ ಕರೆಯಲಿಲ್ಲ, ಪೆನ್ಸಿಲ್ ಕೆಳಗಿಡಲೂ ಇಲ್ಲ. ಹತ್ತು ನಿಮಿಷ ಬಿಟ್ಟು ತಾನೇ ಬಂದು ಕುಳಿತಳು.

ಮ್ಯಾನೇಜರ್ ಸುತ್ತಿನಲ್ಲಿ ಈ ಸಲ ಒಬ್ಬ ಹೆಂಗಸು ಇದ್ದರು. ಅವರೆದುರು ಆಕೆ ಕೌಂಟರಿನ ಜಗಳದಿಂದಲೇ ಮಾತು ಶುರುಮಾಡಿದಳು. ಆಸ್ಪತ್ರೆಯ ಹೆಸರು ಹೇಳಲಿಲ್ಲ, ಅದು ಗುಟ್ಟು. ಬೀಗದ ದಾರಿ ಯಾಕೆ ಬೇಡವೆಂದಳು, ತನ್ನ ದಾರಿಯಲ್ಲಿ ಏನು ಕೊರತೆ ಇತ್ತು ಎನ್ನುವುದನ್ನೂ ಹೇಳಿದಳು.

"ಎಷ್ಟು ಕಮ್ಮಿ ಆಯ್ತು?" ಅವರು ಕೇಳಿದರು.

"ಅಂಕಿ ನನ್ ಹತ್ರ ಇಲ್ಲ. ಕ್ಲೈಂಟ್ ಕೊಡ್ತಿರ್ಲಿಲ್ಲ. ಕೌಂಟರಿನವರನ್ನ ಕೇಳಿದೀನಿ, ಆಮೇಲೆ ಒಂದೂ ಆಗಿಲ್ಲ ಅಂದ್ರು. ಈಗ ಮಾಡೋದಾದ್ರೆ ಮೊದಲ ದಿನದಿಂದಲೇ ಎಣಿಸೋ ಏರ್ಪಾಡು ಮಾಡ್ತೀನಿ."

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಮರುದಿನ ಡಿಸೈನ್ ಸುತ್ತು. ಒಂದು ಇಡೀ ವ್ಯವಸ್ಥೆಯನ್ನು ಖಾಲಿ ಹಾಳೆಯಿಂದ ರೂಪಿಸಬೇಕು. ಅಭ್ಯಾಸಬಲದಿಂದ ಆಕೆ ಪ್ರಶ್ನೆ ಕೇಳದೆ ನಕ್ಷೆಯ ಚೌಕಗಳನ್ನು ಬಿಡಿಸತೊಡಗಿದಳು. ಯಾರು ಬಳಸುತ್ತಾರೆ, ದಿನಕ್ಕೆ ಎಷ್ಟು ಜನ ಎಂದು ವಿಚಾರಿಸುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು.

ವಾರದ ನಂತರ ನೇಮಕಾತಿ ನೋಡಿಕೊಳ್ಳುವವಳ ಕರೆ ಬಂತು. "ಅಭಿನಂದನೆ! ಆಫರ್ ಕೊಡ್ತಿದೀವಿ. ಒಂದೇ ಒಂದು ವಿಷಯ, ನೀವು ಅರ್ಜಿ ಹಾಕಿದ್ದು ಸೀನಿಯರ್ ಹುದ್ದೆಗೆ. ನಾವು ಕೊಡ್ತಿರೋದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ."

"ಯಾಕೆ? ನನ್ ಅನುಭವ ಹನ್ನೊಂದು ವರ್ಷ."

"ಹೌದು, ಆದ್ರೆ ಸರ್ವಿಸ್ ಅನುಭವ ಅಲ್ವಾ…"

ಆ "ಅಲ್ವಾ" ಮೆಣಸಿನಂತೆ ಉರಿಯಿತು. ಮೊದಲಾಗಿದ್ದರೆ ಆಯಿತೆಂದು ಫೋನ್ ಇಡುತ್ತಿದ್ದಳು. "ಡಿಸೈನ್ ಸುತ್ತು ನಂಗೆ ಸರಿ ಹೋಗ್ಲಿಲ್ಲ, ಒಪ್ತೀನಿ," ಎಂದಳು. "ಇನ್ನೊಂದು ಡಿಸೈನ್ ಸುತ್ತು ಇಟ್ಟು ನೋಡಿ. ಸೀನಿಯರ್ ಮಟ್ಟಕ್ಕೆ ಬರ್ಲಿಲ್ಲ ಅಂದ್ರೆ ಸರ್ವಿಸ್ ಅನ್ನೋ ಕಾರಣ ಹೇಳ್ಬೇಡಿ, ಏನ್ ಕಮ್ಮಿ ಅಂತ ಹೇಳಿ."

ಅವರು ಒಪ್ಪಿದರು. ಈ ಸಲ ಆಕೆ ಮೊದಲ ಹತ್ತು ನಿಮಿಷ ಬರೀ ಪ್ರಶ್ನೆ ಕೇಳಿದಳು. ಚೆನ್ನಾಗಿಯೇ ಆಯಿತು. ಆದರೂ ಮೆಟ್ಟಿಲು ಬದಲಾಗಲಿಲ್ಲ. ಕಾರಣವನ್ನು ಮಾತ್ರ ಬರೆದು ಕಳಿಸಿದರು: ಒಂದು ವಸ್ತುವನ್ನು ಶುರುವಿನಿಂದ ಹಿಡಿದು, ಜನ ಬಳಸಿ, ಕೆಟ್ಟು, ತಿದ್ದುವವರೆಗೆ ನಡೆಸಿದ ಅನುಭವ ಕಾಣಲಿಲ್ಲ, ಒಂದು ವರ್ಷದಲ್ಲಿ ಮತ್ತೆ ಪರಿಶೀಲಿಸುತ್ತೇವೆ.

"ನಾನಾಗಿದ್ರೆ ಹೋಗ್ತಿರ್ಲಿಲ್ಲ," ಎಂದರು ಅತ್ತೆ ಖಡಾಖಂಡಿತವಾಗಿ. "ಇಷ್ಟು ಕಷ್ಟಪಟ್ಟು ಕೆಳಗಿಳಿಯೋದಾ?"

"ಸಿಟ್ಟು ನಂಗೂ ಇದೆ ಅತ್ತೆ. ಆದ್ರೆ ಅವರು ಬರೆದಿರೋದು ಸುಳ್ಳಲ್ಲ. ಆ ಅನುಭವ ಈ ಕಂಪನೀಲೇ ಇದ್ರೆ ನಂಗೆ ಯಾವತ್ತೂ ಬರಲ್ಲ."

ರಾಜೀನಾಮೆ ಕೊಟ್ಟ ಮಧ್ಯಾಹ್ನವೇ ಮ್ಯಾನೇಜರ್ ಕರೆಸಿದರು. ಗಾಜಿನ ಕೋಣೆ, ಎರಡು ಕುರ್ಚಿ, ಗೋಡೆಯ ಹಲಗೆಯ ಮೇಲೆ ಯಾವುದೋ ಹಳೆಯ ಸಭೆಯ ಅರ್ಧ ಅಳಿಸಿದ ಬಾಣಗಳು.

"ಏನ್ ಮೇಡಂ ಇದು? ಮೊದಲೇ ಹೇಳೋದಲ್ವಾ? ಬಡ್ತಿ ಮಾಡ್ಸೋಣ. ಈ ತಿಂಗಳೇ. ನಾನು ಮಾತಾಡಿದೀನಿ."

"ಹೋದ ವರ್ಷ ಬಜೆಟ್ ಇಲ್ಲ ಅಂದ್ರಿ."

"ಆಗ ಇರ್ಲಿಲ್ಲ, ಈಗ ಇದೆ. ನೀವು ಹೋದ್ರೆ ಆ ಬುಕಿಂಗ್ ಯಾರಿಗೆ ಗೊತ್ತು ಹೇಳಿ?"

ಆಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆರು ವರ್ಷದಲ್ಲಿ ಈ ಮಾತನ್ನು ಒಂದೇ ಒಂದು ಸಲ ಹೇಳಿದ್ದರೆ ಬಹುಶಃ ಇಲ್ಲೇ ಇರುತ್ತಿದ್ದಳು. ನೀರು ಕುಡಿದು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕುಳಿತಳು.

"ಇಲ್ಲ ಸರ್. ನಾನು ಹೋಗ್ತೀನಿ."

"ತೊಂಬತ್ತು ದಿನ ನೋಟಿಸ್ ಪೂರ್ತಿ ಮಾಡ್ಬೇಕಾಗುತ್ತೆ. ಒಂದು ದಿನಾನೂ ಬಿಡಲ್ಲ," ದನಿ ಗಡುಸಾಯಿತು.

"ಮಾಡ್ತೀನಿ. ಅವರು ಕಾಯ್ತೀವಿ ಅಂದಿದಾರೆ."

ಆಕೆ ಎದ್ದು ಬಾಗಿಲು ಎಳೆದುಕೊಂಡು ಹೊರಬಂದಳು. ತನ್ನ ಜಾಗದಲ್ಲಿ ಕುಳಿತಾಗ ಪರದೆಯ ಮೇಲೆ ಕ್ಲೈಂಟ್‌ನ ಹೊಸ ಡಾಕ್ಯುಮೆಂಟ್ ಬಂದು ಬಿದ್ದಿತ್ತು. ಅರವತ್ತು ಪುಟ. ಮೊದಲ ಪುಟ ತೆರೆದು ಓದತೊಡಗಿದಳು.