ಖಾನೆಯಲ್ಲಿದ್ದ ರಾಜೀನಾಮೆ

ಬಾಲಮ್ಮ ರಾಜೀನಾಮೆ ಪತ್ರ ತಂದು ಕೈಗಿಟ್ಟಾಗ ನನಗೆ ಮೈಯೆಲ್ಲ ಉರಿಯಿತು. ರಾಯಚೂರಿನ ಈ ಖಾಸಗಿ ಆಸ್ಪತ್ರೆಗೆ ಹದಿನೆಂಟು ವರ್ಷದಿಂದ ನಾನೇ ಮೇಟ್ರನ್. ಮಲ್ಲಟದ ಕುರಿ ಕಾಯುವವರ ಮಗಳು ಅವಳು; ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬಂದಾಗ ಹೆರಿಗೆ ವಾರ್ಡಿನಲ್ಲಿ ನಿಲ್ಲಲೂ ಹೆದರುತ್ತಿದ್ದಳು. ಬೈದು ಬೈದು ಕಲಿಸಿದವಳು ನಾನು. ಈಗ ಬೆಂಗಳೂರಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತೆಂದು ಹೊರಟಿದ್ದಳು. ಹತ್ತಿದ ಏಣಿ ಒದೆಯುವುದು ಅಂದರೆ ಇದೇ ಅಂದುಕೊಂಡೆ. ಆ ಓದು ನನಗೆ ಯಾರೂ ಕೊಡಿಸಲಿಲ್ಲ. ಹೊಟ್ಟೆಕಿಚ್ಚು ಅನ್ನಿ, ಅಲ್ಲವೆನ್ನುವುದಿಲ್ಲ.

ಪತ್ರ ನನ್ನ ಮೂಲಕವೇ ಕಾರ್ಯದರ್ಶಿ ವಿರೂಪಣ್ಣನವರಿಗೆ ಹೋಗಬೇಕು. ಕೊಟ್ಟ ಒಂದು ತಿಂಗಳಿಗೆ ಬಿಡುಗಡೆ. ಬಿಡುಗಡೆ ಪತ್ರವಿಲ್ಲದೆ ಕಾಲೇಜಿನವರು ಸೇರಿಸಿಕೊಳ್ಳುವುದಿಲ್ಲ, ಸೇರಲು ಜುಲೈ 1 ಕೊನೆಯ ದಿನ. ನಾನು ಅದನ್ನು ಓದದೆ ಮೇಜಿನ ಖಾನೆಗೆ ಹಾಕಿ ಬೀಗ ಜಡಿದೆ. ತಿಂಗಳಿಡೀ ಅವಳೊಂದಿಗೆ ಮಾತೂ ಆಡಲಿಲ್ಲ.

ಜೂನ್ 29ರಂದು ಅವಳು ವಿರೂಪಣ್ಣನವರ ಕೋಣೆಗೇ ಹೋದಳು. ನನ್ನನ್ನೂ ಕರೆಸಿದರು.

"ಯಾವ ಪತ್ರ ಬೇ? ನನ್ನ ಕೈಗೆ ಏನೂ ಬಂದಿಲ್ಲ. ಇವತ್ತು ಕೊಡು, ತಿಂಗಳು ಬಿಟ್ಟು ಹೋಗೀಯಂತ," ಎಂದೆ.

ಅವಳು ಅಳಲಿಲ್ಲ. ವಾರ್ಡಿನ ರಿಪೋರ್ಟ್ ಪುಸ್ತಕ ತಂದು ಬಿಚ್ಚಿಟ್ಟಳು. ಪಾಳಿ ಮುಗಿದಾಗ ನರ್ಸು ನಡೆದದ್ದನ್ನೆಲ್ಲ ಅದರಲ್ಲಿ ಬರೆಯಬೇಕು; ಮರುದಿನ ಬೆಳಿಗ್ಗೆ ನಾನು ಓದಿ ಸಹಿ ಹಾಕಬೇಕು. ಮೇ 29ರ ಪುಟದಲ್ಲಿ ಅವಳ ದುಂಡು ಅಕ್ಷರ: 'ಮೂರನೇ ಹಾಸಿಗೆಯ ಸೂಗಮ್ಮನಿಗೆ ಹೆಣ್ಣುಮಗು, ಕ್ಷೇಮ. ಹತ್ತೂವರೆಗೆ ನನ್ನ ರಾಜೀನಾಮೆ ಪತ್ರವನ್ನು ಮೇಟ್ರನ್ ಅವರ ಕೈಗೆ ಕೊಟ್ಟಿದ್ದೇನೆ.' ಕೆಳಗೆ ನನ್ನ ಸಹಿ.

"ಈ ಸಹಿ ನಿಮ್ದೇನ್ರಿ ವೀರಭದ್ರಮ್ಮ?" ವಿರೂಪಣ್ಣ ನನ್ನನ್ನು ಕೇಳಿದರು.

"ಹೌದ್ರಿ."

"ಓದಿ ಮಾಡೀರೋ, ಹಂಗ ಮಾಡೀರೋ?"

ಓದಿದ್ದೆ ಎಂದರೆ ಸುಳ್ಳುಗಾತಿ. ಓದಿಲ್ಲವೆಂದರೆ ಮೇಟ್ರನ್ನೇ ಅಲ್ಲ. ಓದದೆ ಸಹಿ ಹಾಕಿದ್ದಕ್ಕೆ ಹಿಂದೆ ಇಬ್ಬರು ನರ್ಸುಗಳನ್ನು ಮನೆಗೆ ಕಳಿಸಿದವಳು ನಾನು.

"ಓದೇ ಮಾಡೀನ್ರಿ," ಎಂದು ಹೇಳಿ ಹೋಗಿ, ಖಾನೆಯ ಬೀಗ ತೆಗೆದು ಪತ್ರ ತಂದುಕೊಟ್ಟೆ.

ವಿರೂಪಣ್ಣ ಪತ್ರವನ್ನು ಗಟ್ಟಿಯಾಗಿ ಓದಿದರು:

'ಮಾನ್ಯರೇ, ಹೆಚ್ಚಿನ ವ್ಯಾಸಂಗಕ್ಕೆ ಆಯ್ಕೆಯಾಗಿದ್ದೇನೆ. ಜೂನ್ 29ರಂದು ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕಾಗಿ ವಿನಂತಿ. ಐದು ವರ್ಷ ಈ ಆಸ್ಪತ್ರೆ ನನಗೆ ತವರುಮನೆಯಾಗಿತ್ತು. ಬರೆಯದ ಕೆಲಸ ಮಾಡಿದ ಕೆಲಸವಲ್ಲ ಎಂದು ಕಲಿಸಿದ ಮೇಟ್ರನ್ ವೀರಭದ್ರಮ್ಮನವರನ್ನು ಮರೆಯಲಾರೆ. ಅವರಿಗೆ ಸಿಗದ ಓದು ನನಗೆ ಸಿಕ್ಕಿದೆ. ಅವರ ಹೆಸರು ಉಳಿಸುತ್ತೇನೆ. ತಮ್ಮ ವಿಧೇಯಳು, ಬಾಲಮ್ಮ.'

ಇದೆಲ್ಲ ಒಂದು ತಿಂಗಳು ನನ್ನ ಮೊಣಕಾಲ ಹತ್ತಿರವೇ ಬಿದ್ದಿತ್ತು.

ಬಿಡುಗಡೆ ಪತ್ರ ಕೈಗೆ ಬಂದ ಮೇಲೆ ಬಾಲಮ್ಮ ನನ್ನ ಕಾಲಿಗೆ ಬಗ್ಗಿದಳು.

"ಸಾಕ್ ಬಿಡು ಬೇ, ಬಸ್ ತಪ್ಪೀತು," ಎಂದು ಗದರಿ ಕಾಲು ಹಿಂದೆಳೆದುಕೊಂಡೆ.

ಅವಳ ಪಾಳಿಯ ರಿಪೋರ್ಟನ್ನು ಅಂದು ನಾನೇ ಬರೆದೆ: 'ಸಿಸ್ಟರ್ ಬಾಲಮ್ಮ ಇಂದು ಓದಲು ಹೋದರು.' ಎರಡು ಸಲ ಓದಿ ಸಹಿ ಹಾಕಿದೆ.