ಗೊರಕೆಯ ಕೀಲಿ

ಬಸ್ ಡ್ರೈವರನ ದವಡೆ ನೋಯುತ್ತಿತ್ತು. ಬೆಳಿಗ್ಗೆ ತಿಂಡಿ ಅಗಿಯಲು ಹೋದರೆ ಹಿಂದಿನ ಹಲ್ಲುಗಳು ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. ಗೊರಕೆ ನಿಲ್ಲಲೆಂದು ಮಲಗುವಾಗ ಅವನು ಹಾಕಿಕೊಳ್ಳುತ್ತಿದ್ದ, ಪುಟ್ಟ ಕೀಲಿ ತಿರುಗಿಸಿದಷ್ಟೂ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನು ಹಲ್ಲಿನ ಡಾಕ್ಟರು ಅಳೆದು ನೋಡಿದರು.

"ಕೀಲಿಯಿಂದ ವಾರಕ್ಕೊಂದೇ ಸುತ್ತು ಮುಂದಕ್ಕೆ ಅಂದಿದ್ದೆ. ಮೂರು ವಾರಕ್ಕೆ ಆರು ಸುತ್ತಾಗಿದೆಯಲ್ಲ?"

"ನಾನು ತಿರುಗಿಸಿದ್ದು ಭಾನುವಾರ ಮಾತ್ರ."

ಜೊತೆಗೆ ಬಂದಿದ್ದ ಹೆಂಡತಿ ಗೋಡೆಯ ಕಡೆ ನೋಡಿದಳು. "ಬುಧವಾರ ನಾನು ತಿರುಗಿಸ್ತಿದ್ದೆ. ಗೊರಕೆ ನಿಂತಿರ್ಲಿಲ್ಲ."

ಡಾಕ್ಟರು ನಗು ತಡೆದುಕೊಂಡು ಮೂರು ಸುತ್ತು ಹಿಂದಕ್ಕೆ ತಿರುಗಿಸಿದರು. ಹಲ್ಲು ಜಾಗಕ್ಕೆ ಬರಲು ದಿನಾ ಬೆಳಿಗ್ಗೆ ಕಚ್ಚಿಕೊಳ್ಳಲು ಪುಟ್ಟ ಅಚ್ಚೊಂದನ್ನೂ ಕೊಟ್ಟರು.

"ಇನ್ಮೇಲೆ ಕೀಲಿ ಒಬ್ಬರ ಹತ್ರಾನೇ ಇರ್ಲಿ."

"ನನ್ನ ಹತ್ರ," ಎಂದ ಗಂಡ. "ಬಾಯಿ ನಂದು."

"ಕಿವಿ ನಂದು," ಎಂದು ಹೆಂಡತಿ ಕೀಲಿಯನ್ನು ಪರ್ಸಿಗೆ ಹಾಕಿಕೊಂಡಳು.